ಚೀಟಿನಾ, ಆರ್‌ಡಿನಾ? ಎಂಟನೇ ತಿಂಗಳ ಲೆಕ್ಕ

ಪ್ರಶ್ನೆ: ಸರ್, ದಾವಣಗೆರೆ ನಿಟುವಳ್ಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಜೊತೆಗೆ ಬ್ಲೌಸ್ ಪೀಸ್, ಫಾಲ್ಸ್ ಮಾರುತ್ತೇನೆ. ಮಾರ್ಚಿನಿಂದ ಒಂದು ಲಕ್ಷದ ಚೀಟಿ ಶುರುವಾಗುತ್ತೆ. 20 ಜನ, 20 ತಿಂಗಳು, ತಿಂಗಳಿಗೆ 5,000. ನಡೆಸೋರು ರಿಜಿಸ್ಟರ್ ಆದ ಕಂಪನಿ. ಅಕ್ಟೋಬರ್‌ನಲ್ಲಿ ದೀಪಾವಳಿಗೆ, ಮದುವೆ ಸೀಸನ್‌ಗೆ ಸರಕು ಹಾಕಲು ನನಗೆ 80,000 ಬೇಕು. ಆರ್‌ಡಿಗಿಂತ ಚೀಟಿಯಲ್ಲಿ ಲಾಭ ಜಾಸ್ತಿ ಅಂತ ಅಕ್ಕಪಕ್ಕದವರು ಹೇಳ್ತಾರೆ. ಬ್ಯಾಂಕಿನಲ್ಲಿ ಆರ್‌ಡಿಗೆ 6%, ಒಡವೆ ಸಾಲಕ್ಕೆ 12% ಅಂದರು. ಯಾವುದು ವಾಸಿ? ಹಿಂದಿನ ಗುಂಪಿನ ಪುಸ್ತಕದ ಫೋಟೊ ಕಳಿಸಿದ್ದೇನೆ.

ಉತ್ತರ: ಪುಸ್ತಕದ ಫೋಟೊ ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಅದಿಲ್ಲದೆ ಈ ಪ್ರಶ್ನೆಗೆ ಯಾರು ಏನೇ ಹೇಳಿದರೂ ಬರೀ ಊಹೆ. ಉತ್ತರ ಮೊದಲೇ ಹೇಳುತ್ತೇನೆ. ನಿಮ್ಮಂತೆ ಎಂಟನೇ ತಿಂಗಳಲ್ಲಿ ಹಣ ಬೇಕಾದವರಿಗೆ, ಕೈಯಲ್ಲಿ ಒಡವೆ ಇದ್ದರೆ, ಈ ಚೀಟಿ ದುಬಾರಿ. ಆರ್‌ಡಿ ಕಟ್ಟಿ, ಕಡಿಮೆ ಬಿದ್ದಷ್ಟಕ್ಕೆ ಒಡವೆ ಸಾಲ ಮಾಡುವುದು ವಾಸಿ. ಹಾಗಂತ ನಿಮ್ಮ ಅಕ್ಕಪಕ್ಕದವರು ಸುಳ್ಳು ಹೇಳಿದರು ಅಂತಲ್ಲ. ಅವರು ಕೊನೆಯವರೆಗೆ ಕಾದವರ ಮಾತು ಹೇಳುತ್ತಿದ್ದಾರೆ. ನಿಮ್ಮದು ಬೇರೆ ಲೆಕ್ಕ.

ಮೊದಲು ಪುಸ್ತಕ ಏನು ಹೇಳುತ್ತೆ ನೋಡೋಣ. ಮೊದಲನೇ ತಿಂಗಳ ಚೀಟಿ ಕಂಪನಿಯದೇ. ಕೂಗಿಲ್ಲ, ಕಡಿತವಿಲ್ಲ, ಪೂರ್ತಿ ಒಂದು ಲಕ್ಷ ಅವರಿಗೆ. ಚೀಟಿ ಕಾಯ್ದೆಯೇ ಅವರಿಗೆ ಆ ಹಕ್ಕು ಕೊಟ್ಟಿದೆ. 2ರಿಂದ 5ನೇ ತಿಂಗಳವರೆಗೆ ಚೀಟಿ 25,000ದ ಕೂಗಿಗೆ ಹೋಗಿದೆ, ಅಂದರೆ ಎತ್ತಿದವರ ಕೈಗೆ ಬಂದಿದ್ದು 75,000. 6ರಿಂದ 10ರವರೆಗೆ ಕೂಗು 20,000ಕ್ಕೆ ನಿಂತಿದೆ. 11ರಿಂದ 15ರವರೆಗೆ 15,000, 16ರಿಂದ 19ರವರೆಗೆ 10,000. ಕೊನೆಯ ತಿಂಗಳು ಕೂಗುವುದಕ್ಕೆ ಯಾರೂ ಉಳಿದಿಲ್ಲ, ಕಮಿಷನ್ 5,000 ಹೋಗಿ 95,000 ಸಿಕ್ಕಿದೆ.

ಪ್ರತಿ ಕೂಗಿನಲ್ಲಿ 5,000 ಕಂಪನಿಯ ಕಮಿಷನ್. ಉಳಿದಿದ್ದನ್ನು 20 ಜನಕ್ಕೆ ಹಂಚುತ್ತಾರೆ. 25,000ದ ಕೂಗಾದರೆ 20,000 ಉಳಿಯಿತು, ತಲೆಗೆ 1,000 ಲಾಭಾಂಶ. ಹಾಗಾಗಿ ಆ ತಿಂಗಳು ಕಟ್ಟುವುದು 5,000 ಅಲ್ಲ, 4,000. ಹೀಗೆ ಮೊದಲ ತಿಂಗಳು 5,000, ಆಮೇಲೆ ನಾಲ್ಕು ತಿಂಗಳು 4,000, ಐದು ತಿಂಗಳು 4,250, ಐದು ತಿಂಗಳು 4,500, ನಾಲ್ಕು ತಿಂಗಳು 4,750, ಕೊನೆಗೆ ಮತ್ತೆ 5,000. ಒಟ್ಟು ಕಟ್ಟಿದ್ದು 88,750.

ಇಲ್ಲೇ ಜನ ಎಡವುವುದು. ಕೊನೆಗೆ ಎತ್ತಿದವರು 88,750 ಕಟ್ಟಿ 95,000 ತಗೊಂಡರು, 6,250 ಲಾಭ ಅಂತಾರೆ. ಎಂಟನೇ ತಿಂಗಳು ಎತ್ತಿದವರು 80,000 ತಗೊಂಡು 88,750 ಕಟ್ಟಿದರು, 8,750 ಖರ್ಚು ಅಂತಾರೆ. ಎರಡೂ ಅರ್ಧ ಲೆಕ್ಕ. ಮಾರ್ಚಿನಲ್ಲಿ ಕಟ್ಟಿದ 5,000ಕ್ಕೂ ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಕಟ್ಟುವ 5,000ಕ್ಕೂ ಒಂದೇ ತೂಕ ಕೊಟ್ಟು ಕೂಡಿಸಿದಂತಾಯಿತು. ಎಲ್ಲ ಮೊತ್ತವನ್ನೂ ಒಂದೇ ದಿನದ ಬೆಲೆಗೆ ಇಳಿಸದೆ ಕೂಡಿಸಬಾರದು.

ಇಳಿಸುವುದು ಕಷ್ಟವಿಲ್ಲ. ವರ್ಷಕ್ಕೆ 6% ಅಂದರೆ ತಿಂಗಳಿಗೆ ಸುಮಾರು 0.5%. (ಆರ್‌ಡಿಗೆ ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತೆ. ಅದರಿಂದ ಬರುವ ವ್ಯತ್ಯಾಸ ತೀರಾ ಸಣ್ಣದು, ಬಿಟ್ಟುಬಿಡಿ.) ಇವತ್ತು 1,000 ಇಟ್ಟರೆ ಮುಂದಿನ ತಿಂಗಳು 1,005 ಆಗುತ್ತೆ. ಹಾಗಾದರೆ ಮುಂದಿನ ತಿಂಗಳು ಬರುವ 1,000ದ ಇವತ್ತಿನ ಬೆಲೆ 1,000 ÷ 1.005, ಅಂದರೆ 995 ರೂಪಾಯಿ. ಎರಡು ತಿಂಗಳು ದೂರ ಇದ್ದರೆ ಎರಡು ಸಲ ಭಾಗಿಸಿ, ಏಳು ತಿಂಗಳಾದರೆ ಏಳು ಸಲ. ಮೊಬೈಲ್‌ನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ ಇದ್ದರೆ A ಸಾಲಿನಲ್ಲಿ A2ರಿಂದ ಕೆಳಗೆ 1ರಿಂದ 20ರವರೆಗೆ ತಿಂಗಳು, B ಸಾಲಿನಲ್ಲಿ B2ರಿಂದ ಕೆಳಗೆ ಆ ತಿಂಗಳ ಕಂತು ಬರೆದು, C2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=B2/1.005^(A2-1)
```

C ಸಾಲನ್ನು ಕೂಡಿಸಿದರೆ 84,564 ಬರುತ್ತೆ. ನೀವು 20 ತಿಂಗಳು ಕಟ್ಟುವ ಕಂತುಗಳೆಲ್ಲದರ ಮಾರ್ಚಿನ ಬೆಲೆ ಇದು. ಯಾವ ತಿಂಗಳು ಚೀಟಿ ಎತ್ತಿದರೂ ಈ ಮೊತ್ತ ಬದಲಾಗಲ್ಲ. ಬದಲಾಗುವುದು ಕೈಗೆ ಬರುವ ಹಣದ ಬೆಲೆ ಮಾತ್ರ.

ಕೊನೆಯವರ 95,000 ಬರುವುದು 19 ತಿಂಗಳ ಮೇಲೆ. ಅದರ ಮಾರ್ಚಿನ ಬೆಲೆ 86,411. ಅಂದರೆ ಆರ್‌ಡಿಗಿಂತ 1,847 ಜಾಸ್ತಿ. ಅವರಿಗೆ ವರ್ಷಕ್ಕೆ 8.8%ರ ಹತ್ತಿರ ಬಿತ್ತು, ನಿಜವಾಗಿಯೂ ಲಾಭವೇ. ಈಗ ಅವರಿಗಿಂತ ಒಂದೇ ತಿಂಗಳು ಮುಂಚೆ, 19ನೇ ತಿಂಗಳು ಎತ್ತಿದವರನ್ನು ನೋಡಿ. ಅವರ 90,000ದ ಮಾರ್ಚಿನ ಬೆಲೆ 82,272. ಕಟ್ಟಿದ್ದಕ್ಕಿಂತ 2,292 ಕಡಿಮೆ! ಹತ್ತೊಂಬತ್ತು ತಿಂಗಳು ಕಾದು ಆರ್‌ಡಿಗೂ ಸಮ ಆಗಲಿಲ್ಲ. ಉಳಿದ ತಿಂಗಳುಗಳನ್ನೂ ಹಾಕಿ ನೋಡಿದೆ. ಈ ಪುಸ್ತಕದ ಪ್ರಕಾರ 6% ಲೆಕ್ಕದಲ್ಲಿ ಆರ್‌ಡಿಯನ್ನು ಮೀರಿಸಿದವರು ಕೊನೆಯವರು ಒಬ್ಬರೇ.

ಇದಕ್ಕೆ ಕಾರಣ ಇದೆ. ಚೀಟಿಯಲ್ಲಿ ಹೊರಗಿನಿಂದ ಬಡ್ಡಿ ಬರುವುದಿಲ್ಲ. ಒಬ್ಬರು ಬಿಟ್ಟುಕೊಟ್ಟ ಕೂಗಿನ ಹಣವೇ ಇನ್ನೊಬ್ಬರ ಲಾಭಾಂಶ. ಅದರಿಂದ ಪ್ರತಿ ತಿಂಗಳು 5,000 ಕಮಿಷನ್ ಹೊರಗೆ ಹೋಗುತ್ತೆ. ಗುಂಪಿನಲ್ಲಿ ಯಾರೋ ಸಾಲಗಾರರು, ಯಾರೋ ಸಾಲ ಕೊಟ್ಟವರು. ನೀವು ಯಾವ ಕಡೆ ಅಂತ ತೀರ್ಮಾನ ಮಾಡುವುದು ನೀವು ಎತ್ತುವ ತಿಂಗಳು.

ಈಗ ನಿಮ್ಮ ಅಕ್ಟೋಬರ್‌ಗೆ ಬರೋಣ. ಮಾರ್ಚಿನಿಂದ ಎಣಿಸಿದರೆ ಅದು ಎಂಟನೇ ತಿಂಗಳು. 80,000ದ ಮಾರ್ಚಿನ ಬೆಲೆ 77,255, ಅಂದರೆ 7,309 ಕಡಿಮೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅನ್ಯಾಯ. ಆರ್‌ಡಿ ಒಂದೇ ಮಾಡಿದ್ದರೆ ಅಕ್ಟೋಬರ್‌ನಲ್ಲಿ ನಿಮ್ಮ ಹತ್ತಿರ 80,000 ಇರುತ್ತಿರಲಿಲ್ಲವಲ್ಲ. ಚೀಟಿ ನಿಮಗೆ ಸಾಲವನ್ನೂ ಕೊಟ್ಟಿದೆ. ಹಾಗಾಗಿ ಬರೀ ಆರ್‌ಡಿ ಜೊತೆ ತೂಗಬಾರದು, ಆರ್‌ಡಿ ಮತ್ತು ಸಾಲ ಎರಡೂ ಸೇರಿದ್ದರ ಜೊತೆ ತೂಗಬೇಕು. ಉಳಿತಾಯ ಮಾಡುವ ತಿಂಗಳುಗಳಿಗೆ ಆರ್‌ಡಿ ದರ, ಸಾಲದ ತಿಂಗಳುಗಳಿಗೆ ಸಾಲದ ದರ. ಇದನ್ನು ಬಿಟ್ಟು ಎಲ್ಲಕ್ಕೂ ಒಂದೇ ದರ ಹಾಕಿದವರ ಲೆಕ್ಕ ನಂಬಬೇಡಿ.

ಅಕ್ಟೋಬರ್ ಕೂಗಿನ ದಿನ ನಿಂತು ನೋಡಿ. ಆವತ್ತು ನಿಮಗೆ 80,000 ಬರುತ್ತೆ, ಆವತ್ತಿನ ಕಂತು 4,250 ಹೋಗುತ್ತೆ. ನಿಜಕ್ಕೂ ಕೈಗೆ ಬಂದಿದ್ದು 75,750. ಅಲ್ಲಿಗೆ ಆಗಲೇ ಏಳು ಕಂತು, ಒಟ್ಟು 29,500 ಕಟ್ಟಿದ್ದೀರಿ. ಅದೇ ಏಳು ಕಂತನ್ನು ಆರ್‌ಡಿಯ ಬಡ್ಡಿಗೆ ಇಟ್ಟಿದ್ದರೆ ಆವತ್ತಿಗೆ 30,105 ಆಗಿರುತ್ತಿತ್ತು. ಅದು ನಿಮ್ಮದೇ ದುಡ್ಡು. ಆದ್ದರಿಂದ ಚೀಟಿ ನಿಮಗೆ ಕೊಟ್ಟ ಸಾಲ 75,750 ಅಲ್ಲ, ಅದರಲ್ಲಿ 30,105 ಕಳೆದರೆ ಉಳಿಯುವ 45,645 ಮಾತ್ರ. ಇದಕ್ಕೆ ಮುಂದಿನ 12 ತಿಂಗಳಲ್ಲಿ ನೀವು ಕಟ್ಟುವುದು 55,000.

45,645 ತಗೊಂಡು 12 ತಿಂಗಳ ಕಂತಿನಲ್ಲಿ 55,000 ತೀರಿಸಿದರೆ ಬಡ್ಡಿ ಎಷ್ಟಾಯಿತು? ಶೀಟಿನಲ್ಲಿ D2ಕ್ಕೆ 45645, ಅದರ ಕೆಳಗೆ 12 ಕಂತುಗಳನ್ನು ಮೈನಸ್ ಚಿಹ್ನೆ ಹಾಕಿ ಬರೆದು ಹೀಗೆ ಕೇಳಿ:

```
=IRR(D2:D14)
```

ತಿಂಗಳಿಗೆ 2.9% ಅಂತ ಬರುತ್ತೆ. ನಮ್ಮ ಪೇಟೆ ಮಾತಿನಲ್ಲಿ ಹೇಳಬೇಕೆಂದರೆ ಹೆಚ್ಚೂ ಕಡಿಮೆ ಮೂರು ರೂಪಾಯಿ ಬಡ್ಡಿ. ಒಡವೆ ಇಟ್ಟರೆ ನಿಮಗೆ ಸಿಗುತ್ತಿರುವುದು ಒಂದು ರೂಪಾಯಿ ಬಡ್ಡಿಗೆ.

ಇದರಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಎರಡನೇ ತಿಂಗಳಲ್ಲೇ 25,000 ಬಿಟ್ಟು ಚೀಟಿ ಎತ್ತಿದವರಿಗೆ ಎಷ್ಟು ಬಡ್ಡಿ ಬಿತ್ತು ಅಂತಲೂ ನೋಡಿದೆ. ತಿಂಗಳಿಗೆ 2%. ಅವರು ನಿಮಗಿಂತ 5,000 ಜಾಸ್ತಿ ಬಿಟ್ಟಿದ್ದಾರೆ, ಆದರೂ ಬಡ್ಡಿ ಕಡಿಮೆ! ಯಾಕೆಂದರೆ ಅವರಿಗೆ ಬಂದ ಹಣ ಬಹುಪಾಲು ಸಾಲ, ಅದು ಹದಿನೆಂಟು ತಿಂಗಳ ಕಾಲ ಅವರ ಕೆಲಸಕ್ಕೆ ಬಂತು. ಎಂಟನೇ ತಿಂಗಳಲ್ಲಿ ಎತ್ತುವವರು ತಮ್ಮದೇ ಉಳಿತಾಯವನ್ನೂ ಸೇರಿಸಿ ವಾಪಸ್ ಪಡೆಯುತ್ತಾರೆ, ಸಾಲ ಇರುವುದು ಹನ್ನೆರಡೇ ತಿಂಗಳು. ಆದರೆ ಕೂಗು ಮಾತ್ರ ಪೂರ್ತಿ ಲಕ್ಷದ ಮೇಲೆ. ನಡುವಿನ ತಿಂಗಳಲ್ಲಿ 20,000 ಅನ್ನುವ ಕೂಗು ಸಣ್ಣದಾಗಿ ಕಾಣುತ್ತೆ, ಅಲ್ವಾ? ನೀವು ಪಡೆದ ಸಾಲಕ್ಕೆ ಹೋಲಿಸಿದರೆ ಅದು ಬಲು ದೊಡ್ಡದು. ಅದೂ ಅಲ್ಲದೆ ದಾವಣಗೆರೆಯಲ್ಲಿ ಜೂನ್‌ನಲ್ಲಿ ಶಾಲೆ ಫೀಸು, ಬಿತ್ತನೆ ಬೀಜ, ಗೊಬ್ಬರದ ಖರ್ಚು. ಹಬ್ಬದ ಮುಂಚೆ ನಿಮ್ಮಂಥ ಅಂಗಡಿಯವರಿಗೆಲ್ಲ ಸರಕಿನ ಖರ್ಚು. ಒಂದೇ ತಿಂಗಳಲ್ಲಿ ನಾಲ್ಕು ಜನಕ್ಕೆ ಅವಸರ ಬಿದ್ದರೆ ಕೂಗು 20,000ಕ್ಕೆ ನಿಲ್ಲುತ್ತೆ ಅಂತ ಹೇಳಲಾಗದು.

ಹಾಗಾದರೆ ನೀವು ಏನು ಮಾಡಬಹುದು? ತಿಂಗಳಿಗೆ 4,500ರ ಆರ್‌ಡಿ ಮಾಡಿ ಅಂದುಕೊಳ್ಳಿ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಏಳು ಕಂತು, ಅಕ್ಟೋಬರ್‌ಗೆ 32,136 ಆಗುತ್ತೆ. ಅಕ್ಟೋಬರ್‌ಗೆ ಎತ್ತಿಟ್ಟ 4,500ನ್ನೂ ಇದಕ್ಕೆ ಸೇರಿಸಿದರೆ 80,000ಕ್ಕೆ ಕಡಿಮೆ ಬೀಳುವುದು ಸುಮಾರು 43,400. ಇಷ್ಟಕ್ಕೆ ಮಾತ್ರ ಒಡವೆ ಇಡಿ. 12% ಬಡ್ಡಿಯಲ್ಲಿ 12 ತಿಂಗಳು ಸಮ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 3,860. ಎಲ್ಲ ಸೇರಿ ನೀವು ಕಟ್ಟಿದ್ದು 82,300ರ ಆಸುಪಾಸು. ಚೀಟಿಯಲ್ಲಾದರೆ 88,750. ಇಪ್ಪತ್ತು ತಿಂಗಳೂ ಅಷ್ಟೇ, ಅಕ್ಟೋಬರ್‌ನ 80,000ವೂ ಅಷ್ಟೇ, ಉಳಿದಿದ್ದು 6,400ರಷ್ಟು.

ಇದರಲ್ಲೂ ಸಣ್ಣಪುಟ್ಟ ಕೊಸರು ಇದೆ. ಕೆಲವು ಬ್ಯಾಂಕುಗಳಲ್ಲಿ 12 ತಿಂಗಳಿಗಿಂತ ಕಡಿಮೆ ಅವಧಿಯ ಆರ್‌ಡಿ ಇರುವುದಿಲ್ಲ. ನಡುವೆ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಕಡಿತ ಮಾಡುತ್ತಾರೆ. 1% ಕಡಿತ ಅಂದರೂ ನಿಮಗೆ ಆಗುವ ನಷ್ಟ ನೂರು ರೂಪಾಯಿ ಆಸುಪಾಸು, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಒಡವೆ ಸಾಲದ ಮೇಲೆ ಹಾಕುವ ಇತರ ಶುಲ್ಕಕ್ಕೆ. ಮೌಲ್ಯಮಾಪನ, ಪ್ರೊಸೆಸಿಂಗ್ ಅಂತ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಕೇಳಿ. ಆ ಮೊತ್ತವನ್ನು 43,400ಕ್ಕೆ ಸೇರಿಸಿ ಲೆಕ್ಕ ಮಾಡಿ. ತಿಂಗಳು ತಿಂಗಳು ಅಸಲು ಕಟ್ಟಲು ಬಿಡುತ್ತಾರಾ ಅಂತಲೂ ಕೇಳಿ. ವರ್ಷದ ಕೊನೆಗೆ ಒಂದೇ ಸಲ ಕಟ್ಟುವ ಸಾಲವಾದರೆ ಬಡ್ಡಿ ಜಾಸ್ತಿ ಬೀಳುತ್ತೆ.

ಚೀಟಿಯ ಕಡೆಯೂ ಪುಸ್ತಕದಲ್ಲಿ ಕಾಣದ ಖರ್ಚುಗಳಿವೆ. ಎಲ್ಲಕ್ಕಿಂತ ದೊಡ್ಡದು ತಡ. ಕೂಗಿದ ದಿನವೇ ಹಣ ಬರಲ್ಲ. ಮುಂದಿನ ಕಂತುಗಳಿಗೆ ನೀವು ಜಾಮೀನು ಕೊಡಬೇಕು. ಸಂಬಳದವರ ಜಾಮೀನು ಕೇಳುತ್ತಾರೆ, ಪತ್ರ ಕೇಳುತ್ತಾರೆ, ಪರಿಶೀಲನೆ ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ಕೂಗಿ ನವೆಂಬರ್‌ನಲ್ಲಿ ಹಣ ಬಂದರೆ, ಒಂದು ರೂಪಾಯಿ ಬಡ್ಡಿ ಲೆಕ್ಕದಲ್ಲಿ 80,000ಕ್ಕೆ 800 ರೂಪಾಯಿ ಹೋಯಿತು. ಹಬ್ಬದ ವ್ಯಾಪಾರ ತಪ್ಪಿದ್ದು ಬೇರೆ. ಆದ್ದರಿಂದ ಶೀಟಿನಲ್ಲಿ ಕೂಗಿನ ತಿಂಗಳಲ್ಲ, ಹಣ ಖಾತೆಗೆ ಬರುವ ತಿಂಗಳು ಹಾಕಿ. ಇನ್ನು ಲಾಭಾಂಶವನ್ನು ಅದೇ ತಿಂಗಳ ಕಂತಿನಲ್ಲಿ ಕಳೆಯುತ್ತಾರಾ, ಮುಂದಿನ ತಿಂಗಳಲ್ಲಾ, ಕಮಿಷನ್ ಮೇಲಿನ ಜಿಎಸ್‌ಟಿ ಯಾರ ತಲೆಗೆ, ಕಂತು ತಡವಾದರೆ ಲಾಭಾಂಶ ಕೊಡುತ್ತಾರಾ ಇಲ್ಲವಾ ಅನ್ನುವುದು ಒಪ್ಪಂದ ಪತ್ರದಲ್ಲಿ ಇರುತ್ತೆ. ಸಹಿ ಹಾಕುವ ಮುಂಚೆ ಅದನ್ನು ಕೂತು ಓದಿ.

ಭದ್ರತೆಯ ಮಾತು. ರಿಜಿಸ್ಟರ್ ಆದ ಕಂಪನಿ ಅಂದಿರಿ. ಕಂಪನಿ ರಿಜಿಸ್ಟರ್ ಆಗಿದ್ದರೆ ಸಾಲದು. 1982ರ ಚೀಟಿ ಕಾಯ್ದೆ ಪ್ರಕಾರ ಪ್ರತಿ ಗುಂಪಿಗೂ ಮೊದಲೇ ಅನುಮತಿ ಪಡೆದು, ಆ ಗುಂಪಿನ ಒಪ್ಪಂದವನ್ನು ನೋಂದಾಯಿಸಬೇಕು. ಚೀಟಿ ಮೊತ್ತದಷ್ಟು ಭದ್ರತೆಯನ್ನೂ ಇಡಬೇಕು. ನಿಮ್ಮ ಈ ಮಾರ್ಚಿನ ಗುಂಪಿನ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಕಮಿಷನ್ 7%ಗಿಂತ ಜಾಸ್ತಿ ಹಿಡಿಯುವಂತಿಲ್ಲ; 2019ರ ತಿದ್ದುಪಡಿಗೆ ಮುಂಚೆ ಅದು 5% ಇತ್ತು. ಭದ್ರತೆ ಇಟ್ಟಿದ್ದರೂ ಅದು ಒಂದೇ ಚೀಟಿಯ ಮೊತ್ತದಷ್ಟು ಅನ್ನುವುದು ನೆನಪಿರಲಿ. ಹತ್ತಾರು ಜನರ ಕಂತು ಸಿಕ್ಕಿಕೊಂಡರೆ ಅದು ಎಲ್ಲರಿಗೂ ಸಾಲುವುದಿಲ್ಲ. ಬ್ಯಾಂಕಿನ ಆರ್‌ಡಿಗೆ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಚೀಟಿಗೆ ಅಂಥ ವಿಮೆ ಇಲ್ಲ. ಈ ಕಾರಣಕ್ಕೆ, ಕೊನೆಯವರೆಗೆ ಕಾಯುವವರ ಲೆಕ್ಕಕ್ಕೆ ನಾನು 6% ಹಾಕಿದ್ದು ಚೀಟಿಗೆ ತೋರಿಸಿದ ಉದಾರತೆ. ಅಪಾಯ ಇರುವ ಹಣಕ್ಕೆ ಇನ್ನೂ ಜಾಸ್ತಿ ದರ ಹಾಕಬೇಕು. ತಿಂಗಳಿಗೆ 0.73% ಮೀರಿದರೆ ಆ ಕೊನೆಯವರ 1,847ರ ಲಾಭವೂ ಉಳಿಯುವುದಿಲ್ಲ.

ಕೊನೆಯವರೆಗೆ ಕಾಯುವ ಮನಸ್ಸಿರುವ ಅಕ್ಕಪಕ್ಕದವರಿಗೆ ಒಂದು ಸುಲಭದ ಪರೀಕ್ಷೆ ಹೇಳಿ. ಹಿಂದಿನ ಗುಂಪಿನ ಪುಸ್ತಕದಲ್ಲಿ ಒಬ್ಬ ಸದಸ್ಯರಿಗೆ ಬಂದ ಲಾಭಾಂಶವನ್ನೆಲ್ಲ ಕೂಡಿಸಿ. ನೀವು ಕಳಿಸಿದ್ದರಲ್ಲಿ ಅದು 11,250. ಈ ಅಳತೆಯ ಚೀಟಿಯಲ್ಲಿ ಅದು ಸುಮಾರು 9,300 ದಾಟದಿದ್ದರೆ ಕೊನೆಯವರಿಗೂ 6% ಆರ್‌ಡಿಯೇ ವಾಸಿ. ಗುಂಪಿನಲ್ಲಿ ಎಲ್ಲರೂ ನಿಧಾನಸ್ಥರು, ಯಾರಿಗೂ ಅವಸರವಿಲ್ಲ ಅಂದರೆ ಕೂಗು ಏರುವುದಿಲ್ಲ. ಕೂಗು ಏರದಿದ್ದರೆ ಕಾದವರಿಗೂ ಏನೂ ಸಿಗುವುದಿಲ್ಲ.

ಆಗಲೇ ಮಾತು ಕೊಟ್ಟಿದ್ದೀರಿ, ಸೇರಲೇಬೇಕು ಅಂತಾದರೆ, ಅಕ್ಟೋಬರ್‌ನ ಕೂಗಿಗೆ ಹೋಗುವ ಮುಂಚೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: 13,800. ಒಂದು ರೂಪಾಯಿ ಬಡ್ಡಿಯ ಒಡವೆ ಸಾಲಕ್ಕೆ ಚೀಟಿ ಸಮ ಆಗುವುದು ಕೂಗು ಅಲ್ಲಿಗೆ ನಿಂತರೆ. ಅದು ಬರುವುದು ಹೀಗೆ. ಮುಂದಿನ 12 ಕಂತುಗಳನ್ನು ತಿಂಗಳಿಗೆ 1%ನಲ್ಲಿ ಇಳಿಸಿದರೆ 51,509. ಅದಕ್ಕೆ ನಿಮ್ಮದೇ 30,105 ಸೇರಿಸಿ, 81,614. ಆ ದಿನದ ಕಂತು ಕಳೆದ ಮೇಲೆ ಚೀಟಿ ಇಷ್ಟಾದರೂ ಕೈಗೆ ಕೊಡಬೇಕು. 20,000ದ ಕೂಗಿನಲ್ಲಿ ಕೊಡುತ್ತಿರುವುದು 75,750. ಕೂಗು 13,800 ದಾಟಿದರೆ ಸುಮ್ನೆ ಕೂತಿರಿ. ಒಡವೆ ಇಟ್ಟು ಸರಕು ತನ್ನಿ, ಚೀಟಿಯನ್ನು ಕೊನೆಗೆ ಬಿಡಿ. ಆಗ ಬೇರೆಯವರ ಕೂಗಿನ ಲಾಭಾಂಶ ನಿಮಗೇ ಬರುತ್ತಿರುತ್ತೆ. ಆದರೆ ಕಂತು ಮತ್ತು ಒಡವೆ ಸಾಲ ಎರಡನ್ನೂ ಒಟ್ಟಿಗೆ ಕಟ್ಟುವಷ್ಟು ವ್ಯಾಪಾರ ಇದೆಯಾ ನೋಡಿಕೊಳ್ಳಿ.

ನಿಮ್ಮ ಅಂಗಡಿಯಲ್ಲಿ ಹೊಲಿಯುವ ಹೆಣ್ಣುಮಕ್ಕಳು ಇದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆ ಆಗಬಹುದು. ಅವರಿಗೆ ಒಡವೆ ಇಲ್ಲ, ಬ್ಯಾಂಕಿನ ಸಾಲ ಸಿಗಲ್ಲ, ಕೈಸಾಲ ತಂದರೆ ಐದು ರೂಪಾಯಿ ಬಡ್ಡಿ ಅಂತಾದರೆ, ಮೂರು ರೂಪಾಯಿ ಬಡ್ಡಿಯಷ್ಟು ಬೀಳುವ ಈ ಚೀಟಿಯೇ ಅವರಿಗೆ ವಾಸಿ. ಅವರ ಮಿತಿ 13,800 ಅಲ್ಲ. ಅವರು ಎಷ್ಟು ಬಡ್ಡಿಗೆ ಸಾಲ ತರಬಲ್ಲರೋ ಆ ದರದಲ್ಲಿ ಮುಂದಿನ ಕಂತುಗಳನ್ನು ಇಳಿಸಿ ಅವರದೇ ಮಿತಿ ತೆಗೆದುಕೊಡಿ. ಶೀಟಿನಲ್ಲಿ ಬದಲಾಗುವುದು ಒಂದೇ ಅಂಕಿ.